ಓರಗಿತ್ತಿಯ ಕಾರಿನ ಕರಾರು ಓದಿದ್ದು

ಆ ಬಿಳಿ ಕಾರನ್ನು ಮೊದಲು ನೋಡಿದವಳು ನಾನು. ಇದನ್ನು ಶುರುವಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಮ್ಮ ಮನೆಯಲ್ಲಿ ಯಾರೂ ಇದನ್ನು ಹೇಳಲಿಲ್ಲ.

ಕೊರೋನಾದ ಎರಡನೇ ವರ್ಷ ಅದು. ನಾವು ನಗೋಯಾದ ಹೊರಗೆ, ಸಬ್‌ವೇ ಮುಗಿದು ಬಸ್ಸು ಹಿಡಿಯಬೇಕಾದ ಕಡೆ ಇದ್ದೆವು. ನನ್ನ ಗಂಡ, ಅವರ ತಮ್ಮ, ಇಬ್ಬರಿಗೂ ಕಾರಿನ ಬಿಡಿಭಾಗ ಮಾಡುವ ಕಂಪನಿಗಳಲ್ಲಿ ಸಾಫ್ಟ್‌ವೇರ್ ಕೆಲಸ. ತಮ್ಮನನ್ನು ಇಲ್ಲಿಗೆ ಕರೆಸಿದ್ದೇ ನಾವು. ನನ್ನದು ಜಪಾನಿ ಎಂಜಿನಿಯರುಗಳು ಬರೆದದ್ದನ್ನು ಬೆಂಗಳೂರಿನ ಹುಡುಗರಿಗೆ ಅರ್ಥವಾಗುವಂತೆ ಮಾಡಿ ಕಳಿಸುವ ಕೆಲಸ. ಹಾಗಾಗಿ ಜಪಾನಿ ಕಾಗದ ಯಾರ ಮನೆಗೆ ಬಂದರೂ ಅದು ಮೊದಲು ನನ್ನ ಫೋನಿಗೆ ಬರುತ್ತಿತ್ತು. ಕಸ ಯಾವತ್ತು ಹಾಕಬೇಕು ಎನ್ನುವುದರಿಂದ ಹಿಡಿದು ಲಸಿಕೆಯ ಚೀಟಿಯವರೆಗೆ.

ಕಾರು ಮಾರಲು ಹೊರಟವರು ಮೈಸೂರಿನವರೊಬ್ಬರು. ಅವರ ಪ್ರಾಜೆಕ್ಟ್ ನಿಂತುಹೋಗಿತ್ತು, ಹೆಂಡತಿ ಮಕ್ಕಳನ್ನು ಮುಂಚೆಯೇ ಊರಿಗೆ ಕಳಿಸಿದ್ದರು, ಈಗ ವಿಶೇಷ ವಿಮಾನದಲ್ಲಿ ಅವರಿಗೂ ಒಂದು ಸೀಟು ಸಿಕ್ಕಿತ್ತು. ಬೇಳೆ ತರಲು ಹೋದ ಇಂಡಿಯನ್ ಅಂಗಡಿಯ ಮುಂದೆ ಸಿಕ್ಕಿ, "ಮೇಡಂ, ಕಾರು ಕೊಟ್ಬಿಡ್ತಿದೀನಿ. ನಿಮ್ಗೆ ಬೇಕಾ ನೋಡಿ, ನಮ್ಮೋರಿಗೇ ಹೋಗ್ಲಿ ಅಂತ," ಅಂದರು. ಒಂದು ಸುತ್ತು ಓಡಿಸಿ ನೋಡಿ ಎಂದು ಕೀ ಕೊಟ್ಟೇ ಬಿಟ್ಟರು. ಸೀಟು ಮುಂದಕ್ಕೆ ಎಳೆದುಕೊಂಡೆ. ನಾನು ಗಿಡ್ಡ, ಎಳೆದುಕೊಳ್ಳದಿದ್ದರೆ ಬ್ರೇಕು ಸಿಗುವುದಿಲ್ಲ. ಗುಂಡಿ ಒತ್ತಿದರೆ ಹಿಂದಿನ ಬಾಗಿಲು ತಾನೇ ಜಾರಿ ತೆರೆದುಕೊಳ್ಳುತ್ತಿತ್ತು. ಅಯ್ಯೋ, ಎಂಥ ಸುಖ ಅನ್ನಿಸಿತು! ಬಸ್ಸಿಲ್ಲ, ಮಾಸ್ಕು ಹಾಕಿಕೊಂಡು ಪಕ್ಕದವರು ಕೆಮ್ಮಿದರೆ ಉಸಿರು ಬಿಗಿಹಿಡಿದು ನಿಲ್ಲುವ ಗೋಳಿಲ್ಲ.

ನನಗೆ ಇಲ್ಲಿನ ಲೈಸೆನ್ಸ್ ಇತ್ತು. ಇಂಡಿಯಾದ ಲೈಸೆನ್ಸ್ ಬದಲಾಯಿಸಿಕೊಳ್ಳುವುದೆಂದರೆ ಟೆಸ್ಟ್ ಟ್ರ್ಯಾಕಿನಲ್ಲಿ ಕನ್ನಡಿ ನೋಡು, ಭುಜ ತಿರುಗಿಸಿ ನೋಡು, ಗೆರೆಯ ಹಿಂದೆ ನಿಲ್ಲಿಸು ಎಂದು ಪ್ರಾಣ ತೆಗೆಯುತ್ತಾರೆ. ನಾನು ಎರಡನೇ ಸಲಕ್ಕೆ ಪಾಸಾದೆ. ನನ್ನ ಗಂಡ ಹೋದಾಗಲೆಲ್ಲ ಫೇಲು. ಬೆಂಗಳೂರಿನ ರಿಂಗ್ ರೋಡಿನಲ್ಲಿ ಓಡಿಸಿದವನಿಗೆ ಇವರೇನು ಹೇಳಿಕೊಡೋದು ಎಂದು ಸಿಟ್ಟು ಮಾಡಿಕೊಂಡು ಹೋಗುವುದನ್ನೇ ಬಿಟ್ಟಿದ್ದರು. ಆವತ್ತು ಮನೆಗೆ ಬಂದು ಕಾರಿನ ವಿಷಯ ಹೇಳಿದೆ. "ಯೋಚಿಸೋಣ," ಅಂದರು. ಯೋಚಿಸಿದರು. ತಮ್ಮನಿಗೆ ಫೋನ್ ಮಾಡಿ, "ನಮಗೆ ಬೇಡ ಕಣೋ, ನೀನು ನೋಡು," ಎಂದು ಹೇಳಿಬಿಟ್ಟರು. ಮರುದಿನ ನಾನು ಮೈಸೂರಿನವರಿಗೆ ಫೋನ್ ಮಾಡಿದರೆ, "ಅಯ್ಯೋ ಮೇಡಂ, ನಿಮ್ಮ ಮೈದುನರಿಗೆ ಮಾತು ಕೊಟ್ನಲ್ಲಾ! ಮನೇಲೇ ಉಳೀತಲ್ಲ ಬಿಡಿ," ಅಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ತುತ್ತು ಹೋದದ್ದು ನನ್ನ ಓರಗಿತ್ತಿಯ ತಟ್ಟೆಗೆ.

ಅವಳು ನನಗಿಂತ ಎಂಟು ವರ್ಷ ಚಿಕ್ಕವಳು. ನಾವು ಹತ್ತು ವರ್ಷ ಒದ್ದಾಡಿ ಕಲಿತದ್ದು ಅವಳಿಗೆ ತಾನೇ ತಾನಾಗಿ ಬರುತ್ತಿತ್ತು. ಬಂದ ವರ್ಷವೇ ಸ್ಟೇಷನ್ ಪಕ್ಕದಲ್ಲಿ ಮನೆ. ಅವಳ ಗಂಡ ಒಂದೇ ಸಲಕ್ಕೆ ಲೈಸೆನ್ಸ್ ತಂದ. ಆ ಕಟ್ಟಡದಲ್ಲಿ ಒಂದು ಪಾರ್ಕಿಂಗ್ ಜಾಗ ಖಾಲಿ ಬಿದ್ದಿತ್ತು. ಇಲ್ಲಿ ಜಾಗ ಇದೆ ಎಂದು ಪೊಲೀಸರು ಬರೆದುಕೊಡದೆ ಕಾರು ಹೆಸರಿಗಾಗುವುದಿಲ್ಲ, ಆ ಜಾಗಕ್ಕಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ. ಅವಳಿಗೋ ಡ್ರೈವಿಂಗೇ ಬರುವುದಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಅದು. ಜೊತೆಗೆ ಅವಳು ತುಂಬು ಬಸುರಿ. ಗಡಿ ಮುಚ್ಚಿದ್ದರಿಂದ ಅವಳ ಅಮ್ಮ ಬರುವ ಹಾಗಿರಲಿಲ್ಲ. ಆಸ್ಪತ್ರೆಗೆ ಎರಡು ಟ್ರೇನು ಬದಲಾಯಿಸಬೇಕು. ಕಾರು ಅವಳಿಗೆ ಬೇಕಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಉರಿ ಜಾಸ್ತಿಯಾಗಿದ್ದು, ಯಾಕೆಂದರೆ ಬಾಯಿ ಬಿಟ್ಟು ಬೈಯಲೂ ಆಗುತ್ತಿರಲಿಲ್ಲ.

ಭಾನುವಾರ ಅವಳೇ ಫೋನ್ ಮಾಡಿದಳು. "ಅಕ್ಕ, ಇವತ್ತು ಅಗ್ರಿಮೆಂಟ್ ಸೈನ್ ಮಾಡ್ತಾರಂತೆ. ನೀವೊಂದು ಸಲ ಓದಿಬಿಡ್ತೀರಾ? ನೀವಿದ್ರೆ ನನಗೆ ಧೈರ್ಯ."

ಸಂಕಟ ನೋಡಿ. ನನ್ನ ಕಾರನ್ನು ಅವಳಿಗೆ ಕೊಡುವ ಕಾಗದ ನಾನೇ ಓದಬೇಕು! ಆದರೂ ಹೋದೆ. ಒಳ್ಳೆಯ ಮನಸ್ಸಿನಿಂದ ಹೋದೆ ಎಂದು ಯಾರೂ ತಿಳಿಯಬೇಡಿ. ಆ ಕಾಗದದಲ್ಲಿ ಒಂದಾದರೂ ಕುಂದು ಸಿಗಲಿ ದೇವರೇ ಎಂದುಕೊಂಡೇ ಬಸ್ಸು ಹತ್ತಿದೆ. ಮೊಸರಲ್ಲಿ ಕಲ್ಲು ಹುಡುಕುವವರು ಹೇಗಿರುತ್ತಾರೆ ಎಂದು ಕೇಳಿದರೆ ಆವತ್ತಿನ ನನ್ನ ಮುಖ ತೋರಿಸಬಹುದಿತ್ತು.

ಮೈಸೂರಿನವರ ಮನೆಯಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು, ಎಲ್ಲರಿಗೂ ಮಾಸ್ಕು, ಸುತ್ತ ಕಟ್ಟಿಟ್ಟ ಡಬ್ಬಗಳು. ಕುರ್ಚಿ ಆಗಲೇ ಮಾರಿಬಿಟ್ಟಿದ್ದರು. ಒಂದು ಅಕ್ಕಿ ಡಬ್ಬದ ಮೇಲೆ ಓರಗಿತ್ತಿಯನ್ನು ಕೂರಿಸಿ, ನಾನು, ಜೊತೆಗೆ ಬಂದಿದ್ದ ನನ್ನ ಗಂಡ, ಎಲ್ಲರೂ ನೆಲದ ಮೇಲೆ ಕೂತೆವು. ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಕಾಫಿ ಆರುತ್ತಿತ್ತು. ಮೈದುನ ತಾಂಬೂಲದ ತಟ್ಟೆ ಬೇರೆ ತಂದಿದ್ದ. ಇನ್ನೇನು ಆಷಾಢ ಬರುತ್ತದೆ, ಅಷ್ಟರೊಳಗೆ ಕಾರು ಮನೆಗೆ ಬರಬೇಕು ಎಂದು ಊರಿಂದ ನಮ್ಮತ್ತೆಯ ಅಪ್ಪಣೆಯಾಗಿತ್ತು. ಆವತ್ತೇ ದುಡ್ಡು, ಆವತ್ತೇ ಕೀ.

ಅಗ್ರಿಮೆಂಟು ಒಂದು ಹಾಳೆ. ಇಂಗ್ಲಿಷಿನಲ್ಲಿತ್ತು. ನೋಡಿದ ಕೂಡಲೇ ನಮ್ಮೂರಿನದು ಎಂದು ಗೊತ್ತಾಯಿತು. ಮಾರುವವರು ಈ ವಾಹನದ ಪೂರ್ಣ ಮಾಲೀಕರು, ಇದರ ಮೇಲೆ ಯಾವ ಸಾಲವೂ ಯಾರ ಹಕ್ಕೂ ಇಲ್ಲ. ಎಲ್ಲ ಬಾಕಿ ಮಾರುವವರದು. ಹೆಸರು ಬದಲಾಯಿಸಿಕೊಳ್ಳುವುದು ಕೊಂಡವರ ಹೊಣೆ. ಗಾಡಿಯನ್ನು ಇದ್ದ ಹಾಗೆ ಕೊಡಲಾಗಿದೆ. ಕೆಳಗೆ ಸಹಿ. ತಾರೀಖಿನ ಜಾಗ ಖಾಲಿ.

"ಸಿಂಪಲ್ ಆಗಿದೆ ಅಲ್ವಾ ಅತ್ತಿಗೆ," ಅಂದ ಮೈದುನ. "ಟ್ರಾನ್ಸ್‌ಫರ್ ಪೇಪರ್ ಸೈನ್ ಮಾಡಿ ಕೊಟ್ಟಿರ್ತಾರೆ. ನಾವು ನಿಧಾನಕ್ಕೆ ಹೋಗಿ ಹೆಸರು ಮಾಡಿಸ್ಕೊಳ್ಳೋದು. ಊರಲ್ಲಿ ಅಪ್ಪನ ಸ್ಕೂಟರ್‌ದು ಹಂಗೇ ಅಲ್ವಾ ಮಾಡಿದ್ದು?"

"ಕಾರಿನ ಕಾಗದ ತೋರಿಸಿ," ಅಂದೆ ನಾನು ಮೈಸೂರಿನವರಿಗೆ.

ಅವರು ಕಾರಿನ ಡ್ರಾಯರಿನಿಂದ ತಂದ ಪ್ಲಾಸ್ಟಿಕ್ ಚೀಲ ಕೊಟ್ಟರು. ಅದರೊಳಗೆ ತಪಾಸಣೆಯ ಪ್ರಮಾಣಪತ್ರ ಇರುತ್ತದೆ, ಇಲ್ಲಿನ ಆರ್‌ಸಿ ಬುಕ್ಕು ಅದೇ ಅಂದುಕೊಳ್ಳಿ. "ನನ್ನ ಹೆಸರೇ ಇದೆ ನೋಡಿ ಮೇಡಂ," ಎಂದು ಬೆರಳಿಟ್ಟು ತೋರಿಸಿದರು. ಇತ್ತು. ಆದರೆ ಆ ಪತ್ರದಲ್ಲಿ ಹೆಸರಿಗೆ ಎರಡು ಜಾಗ. ಒಂದು, ಮಾಲೀಕರು. ಇನ್ನೊಂದು, ಬಳಸುವವರು. ಅವರ ಬೆರಳು ಇದ್ದದ್ದು ಎರಡನೆಯದರ ಮೇಲೆ. ಮಾಲೀಕರ ಜಾಗದಲ್ಲಿ ಒಂದು ಫೈನಾನ್ಸ್ ಕಂಪನಿಯ ಹೆಸರು.

ಖುಷಿಯಾಯಿತೇ ಎಂದು ಕೇಳಿದರೆ, ಆಯಿತು. ಸಿಕ್ಕಿತಲ್ಲ ಕಲ್ಲು!

"ಈ ಕಾರು ನಿಮ್ಮದಲ್ಲ," ಅಂದೆ.

ಮೈಸೂರಿನವರ ಕಣ್ಣು ಅಗಲವಾದವು. "ಏನ್ ಮೇಡಂ ಹಿಂಗಂತೀರಾ? ಸಾಲ ತೀರಿಸಿ ವರ್ಷ ಆಯ್ತು! ನಾನೇನು ಕದ್ದ ಗಾಡಿ ಮಾರ್ತಿದೀನಾ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಊರಲ್ಲಿ ಸಾಲದ ಗಾಡಿಯಾದರೂ ಮಾಲೀಕ ನಾವೇ, ಬ್ಯಾಂಕಿನದು ಪಕ್ಕದಲ್ಲೊಂದು ಷರಾ ಅಷ್ಟೇ. ಇಲ್ಲಿ ಹಾಗಲ್ಲ. ಸಾಲ ಕೊಟ್ಟವನು ಮಾಲೀಕತ್ವವನ್ನೇ ತನ್ನ ಹತ್ತಿರ ಇಟ್ಟುಕೊಳ್ಳುತ್ತಾನೆ. ಸಾಲ ತೀರಿದ ಮೇಲೂ ಅದು ತಾನಾಗಿ ಬರುವುದಿಲ್ಲ, ಬಿಟ್ಟುಕೊಡಿ ಎಂದು ನಾವೇ ಅರ್ಜಿ ಹಾಕಬೇಕು. ನಮ್ಮ ಹುಡುಗರಲ್ಲಿ ಅರ್ಧ ಜನ ಹೆಸರು ಕಂಡ ಕೂಡಲೇ ಕಾರು ನಮ್ಮದು ಎಂದು ನೆಮ್ಮದಿಯಾಗಿದ್ದುಬಿಡುತ್ತಾರೆ. ಆ ಕಂಪನಿ ವರ್ಗಾವಣೆಯ ಪತ್ರ ಕೊಡದೆ ಇವರು ಎಷ್ಟು ಸಹಿ ಹಾಕಿಕೊಟ್ಟರೂ ಕಾರು ನನ್ನ ಮೈದುನನ ಹೆಸರಿಗಾಗುವುದಿಲ್ಲ. ಕಂಪನಿ ಪತ್ರ ಕೊಡಬೇಕಾದರೆ ಇವರ ಮುದ್ರೆಯ ಪ್ರಮಾಣಪತ್ರ ಕೇಳುತ್ತದೆ. ಸಹಿಯ ಬದಲು ಒತ್ತುವ ಹಾನ್‌ಕೋ ಮುದ್ರೆ ಇವರದ್ದೇ ಎಂದು ನಗರಸಭೆ ಕೊಡುವ ಚೀಟಿ ಅದು. ಜಪಾನ್ ಬಿಟ್ಟು ಹೋದ ದಿನವೇ ಆ ಮುದ್ರೆಯ ನೋಂದಣಿ ರದ್ದು. ವಿಮಾನ ಹತ್ತಿದ ಮೇಲೆ ಮೈಸೂರಿನಲ್ಲಿ ಕೂತು ಆ ಚೀಟಿ ಎಲ್ಲಿಂದ ತರುವುದು?

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ದನಿ ಸ್ವಲ್ಪ ಜೋರಾಗಿಯೇ ಇದ್ದಿರಬೇಕು.

ಮೈದುನ ನಕ್ಕ. "ಅತ್ತಿಗೆ, ನಿಮಗೆ ಸಿಗಲಿಲ್ಲ ಅಂತ ತಾನೇ ಇಷ್ಟೆಲ್ಲಾ?"

ತಮಾಷೆಗೆ ಅಂದದ್ದು. ಆದರೆ ಒಬ್ಬರೂ ಅಲ್ಲ ಅನ್ನಲಿಲ್ಲ. ಮೈಸೂರಿನವರು ಕಾಫಿ ಲೋಟ ನೋಡಿದರು. ನನ್ನ ಗಂಡ, ಬಾಗಿಲ ಹತ್ತಿರ ಕೂತಿದ್ದವರು, "ಹೋಗ್ಲಿ ಸುಮ್ನಿರೇ, ಅವರವರು ನೋಡ್ಕೋತಾರೆ," ಅಂದರು.

ಮೈಯೆಲ್ಲ ಉರಿದುಹೋಯಿತು. "ಹೌದು ಕಣೋ, ಹೊಟ್ಟೆಕಿಚ್ಚೇ!" ಅಂದೆ. "ಹೊಟ್ಟೆಕಿಚ್ಚಿರೋಳು ಅಂತಲೇ ಒಂದೊಂದು ಸಾಲೂ ಓದಿದ್ದು. ನಿಮಗೆಲ್ಲ ಖುಷಿ, ಅದಕ್ಕೇ ಯಾರೂ ಓದಲಿಲ್ಲ. ದುಡ್ಡು ಇವತ್ತು ಕೊಟ್ಟು, ಇವರನ್ನ ವಿಮಾನ ಹತ್ತಿಸಿ, ಆಮೇಲೆ ನನ್ನ ಹತ್ರ ಬಂದು ಅತ್ತಿಗೆ ಏನಾದ್ರೂ ಮಾಡಿ ಅನ್ನು, ಆಗ ಹೇಳ್ತೀನಿ!"

ಆಗ ಅಕ್ಕಿ ಡಬ್ಬದ ಮೇಲಿಂದ ಓರಗಿತ್ತಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಗಂಡನಿಗೆ ಹೇಳಿದಳು: "ರೀ, ಅಕ್ಕ ಹೇಳಿದ ಹಾಗೆ ಮಾಡಿ. ಇಲ್ಲಾಂದ್ರೆ ನನಗೆ ಈ ಕಾರೇ ಬೇಡ, ಟ್ರೇನಲ್ಲೇ ಹೋಗ್ತೀನಿ."

ಅವಳ ಮೇಲಿನ ಉರಿ ಇಳಿಯಬೇಕಿತ್ತು, ಇಳಿಯಲಿಲ್ಲ. ಒಳ್ಳೆಯತನದಲ್ಲೂ ಇವಳೇ ಮುಂದಾಗಬೇಕೇ ಅನ್ನಿಸಿತು. ಆದರೆ ಅವಳು ಟ್ರೇನೆಂದಾಗ ಅವಳ ಕಾಲು ಕಣ್ಣಿಗೆ ಬಿತ್ತು. ಊದಿಕೊಂಡು ಚಪ್ಪಲಿಯ ಪಟ್ಟಿ ಹಾಕಲಾಗದೆ ಹಾಗೇ ಬಿಟ್ಟಿದ್ದಳು.

ಅಲ್ಲೇ ಕೂತು ಕರಾರನ್ನು ಮತ್ತೆ ಬರೆಸಿದೆ. ಪೂರ್ಣ ಮಾಲೀಕರು ಎನ್ನುವುದನ್ನು ಹೊಡೆದುಹಾಕಿ, ಸಾಲ ತೀರಿದೆ, ಮಾಲೀಕತ್ವ ಬಿಡಿಸಿಕೊಡುವ ಹೊಣೆ ಮಾರುವವರದು ಎಂದು ಬರೆಸಿದೆ. ದುಡ್ಡಿನಲ್ಲಿ ಸ್ವಲ್ಪ ಮುಂಗಡ, ಉಳಿದದ್ದು ಕಂಪನಿಯ ಪತ್ರ ಕೈಗೆ ಬಂದ ದಿನ, ಬಾರದಿದ್ದರೆ ಮುಂಗಡ ವಾಪಸ್ಸು. ಎಲ್ಲ ಬಾಕಿ ಅಂದರೆ ಎಲ್ಲಿಯವರೆಗಿನ ಬಾಕಿ? ಕೀ ಕೈಬದಲಾಗುವ ಗಳಿಗೆಯವರೆಗಿನ ಪಾರ್ಕಿಂಗ್ ದಂಡ ಇವರದು, ಆಮೇಲಿನದು ಮೈದುನನದು. ವಾಹನ ತೆರಿಗೆ ಏಪ್ರಿಲ್ ಒಂದಕ್ಕೆ ಯಾರ ಕೈಯಲ್ಲಿ ಗಾಡಿ ಇತ್ತೋ ಅವರಿಗೆ ಇಡೀ ವರ್ಷದ್ದು ಬರುತ್ತದೆ. ಅದನ್ನವರು ಕಟ್ಟಿಯಾಗಿತ್ತು, ರಸೀದಿ ತೋರಿಸಿದರು. ಉಳಿದ ತಿಂಗಳುಗಳದ್ದನ್ನು ಕೊಂಡವರು ಕೊಡಬೇಕೆಂದು ಕಾನೂನೇನಿಲ್ಲ, ಮಾತಾಡಿಕೊಂಡದ್ದು ಅಷ್ಟೇ. ಮೈದುನ ಕೊಡುತ್ತೇನೆ ಅಂದ.

"ಇದ್ದ ಹಾಗೆ ಅಂತ ಬರೆದಿದೀರಲ್ಲ, ಹೇಗಿದೆ?" ಎಂದು ಕೇಳಿದೆ.

"ಚೆನ್ನಾಗಿದೆ ಮೇಡಂ."

"ಚೆನ್ನಾಗಿದೆ ಅನ್ನೋದು ಗ್ಯಾರಂಟಿ ಅಲ್ಲ. ಇದ್ದ ಹಾಗೆ ಅಂತ ಬರೆದರೂ ನಿಮಗೆ ಗೊತ್ತಿದ್ದು ಹೇಳದೆ ಇದ್ದದ್ದು ನಿಮ್ಮ ತಲೆ ಮೇಲೇ ಬರತ್ತೆ. ಆಕ್ಸಿಡೆಂಟ್ ಆಗಿದೆಯಾ?"

ಕಿವಿ ಕೆರೆದುಕೊಂಡರು. "ಆಕ್ಸಿಡೆಂಟ್ ಅಂತಲ್ಲ... ಮಾಲ್ ಪಾರ್ಕಿಂಗಲ್ಲಿ ಒಂದು ಕಂಬಕ್ಕೆ ಎಡಗಡೆ ಬಾಗಿಲು ಸ್ವಲ್ಪ. ಹೊಸ ಬಾಗಿಲೇ ಹಾಕ್ಸಿದೆ. ಹೆಂಡತಿ ಹೇಳ್ಬೇಡಿ ಅಂದಿದ್ಲು."

ಬಾಗಿಲು ಬದಲಿಸಿದ್ದು ದೊಡ್ಡದಲ್ಲ, ಗಾಡಿಯ ಚೌಕಟ್ಟಿಗೆ ಏಟು ಬಿದ್ದಿದ್ದರೆ ಕಷ್ಟ. ಅದನ್ನೂ ಬರೆಸಿದೆ: ಬಾಗಿಲು ಬದಲಾಗಿದೆ, ಚೌಕಟ್ಟಿಗೆ ಏಟಿಲ್ಲ, ಓಡಿದ ಕಿಲೋಮೀಟರು ನಿಜ, ಏಸಿ ಶುರುವಾದಾಗ ಗುಂಯ್ ಅನ್ನುತ್ತದೆ. ಕೊನೆಯದನ್ನು ಅವರೇ ಹೇಳಿದರು. ಹೇಳಲು ಶುರುಮಾಡಿದ ಮೇಲೆ ನಿಲ್ಲಿಸುವುದು ಕಷ್ಟವಾಯಿತು, ಪಾಪ.

ಮರುದಿನ ಬೆಳಿಗ್ಗೆ ಜಪಾನ್ ಬಿಡುವ ಅರ್ಜಿ ಕೊಡಲು ಅವರು ನಗರಸಭೆಗೆ ಹೋಗುವವರಿದ್ದರು. ನಾನೂ ಜೊತೆಗೆ ಹೋದೆ. ಮೊದಲು ಮುದ್ರೆಯ ಪ್ರಮಾಣಪತ್ರ, ಒಂದು ಕಂಪನಿಗೆ, ಒಂದು ವರ್ಗಾವಣೆಗೆ. ಆಮೇಲೆ ಮಿಕ್ಕಿದ್ದು. ಅಲ್ಲಿಂದಲೇ ಫೈನಾನ್ಸ್ ಕಂಪನಿಗೆ ಫೋನ್ ಮಾಡಿ, ಸುಮಿಮಾಸೆನ್ ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಲೇ ಕಾಡಿ, ಅವಸರದ ಕಾರಣ ಹೇಳಿ, ಏನೇನು ಕಳಿಸಬೇಕು ಎಂದು ಬರೆದುಕೊಂಡೆ. ಆವತ್ತೇ ಅಂಚೆಗೆ ಹಾಕಿಸಿದೆ. ನನ್ನ ರಜೆ, ನನ್ನ ಬಸ್ಸಿನ ಚಾರ್ಜು.

ಈ ಮಧ್ಯೆ ಆಷಾಢದ ಗಲಾಟೆ. ಪತ್ರ ಬರುವವರೆಗೆ ಕಾರು ಅಲ್ಲಾಡಬಾರದು ಎಂದು ನಾನು, ಅಮಾವಾಸ್ಯೆಯೊಳಗೆ ಪೂಜೆಯಾಗಬೇಕು ಎಂದು ವೀಡಿಯೋ ಕಾಲಿನಲ್ಲಿ ನಮ್ಮತ್ತೆ. ಕೊನೆಗೆ ಮೈಸೂರಿನವರ ಪಾರ್ಕಿಂಗಿನಲ್ಲೇ, ಇನ್ನೂ ಫೈನಾನ್ಸ್ ಕಂಪನಿಯದಾಗಿದ್ದ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟೆವು. ಮೈಸೂರಿನವರೇ ಒಂದು ಮಾರು ಮುಂದೆ ಓಡಿಸಿ, ಮತ್ತೆ ಹಿಂದೆ ತಂದು ನಿಲ್ಲಿಸಿದರು. ಪಕ್ಕದ ಮನೆಯ ಜಪಾನಿ ಅಜ್ಜಿ ಹೊರಗೆ ಬಂದು ನೋಡಿದಳು. ಅಪ್ಪಚ್ಚಿಯಾದ ನಿಂಬೆಹಣ್ಣನ್ನು ಟಿಶ್ಯೂ ಪೇಪರಿನಲ್ಲಿ ಒರೆಸಿ ತೆಗೆದವಳು ನಾನು. ಕಾರು ಅವಳದು, ಸಿಪ್ಪೆ ನನ್ನದು!

ಕಂಪನಿಯ ಲಕೋಟೆ ಮೈಸೂರಿನವರು ಹೊರಡುವ ಹಿಂದಿನ ದಿನ ಬಂತು. ಮೈದುನ ಉಳಿದ ದುಡ್ಡು ಕೊಟ್ಟ, ಕೀ ತಗೊಂಡ, ತಾರೀಖು ಗಂಟೆ ಎರಡನ್ನೂ ಬರೆಸಿ ಇಬ್ಬರಿಂದಲೂ ಸಹಿ ಹಾಕಿಸಿದೆ. ವಿಮೆ ಮಾಡಿಸುವಾಗ ಮತ್ತೊಂದು ಜಗಳ. ಗಂಡಹೆಂಡಿರು ಮಾತ್ರ ಓಡಿಸುವುದು ಎಂದರೆ ಕಂತು ಕಡಿಮೆ, ಅದೇ ಸಾಕು ಅಂದ. "ಅವಳಿಗೆ ಓಡಿಸೋಕೆ ಬರಲ್ಲ. ಹೆರಿಗೆ ಹೊತ್ತಲ್ಲಿ ನೀನು ಫ್ಯಾಕ್ಟರೀಲಿದ್ರೆ? ಯಾರು ಓಡಿಸಿದ್ರೂ ನಡೆಯೋ ಹಾಗೆ ಮಾಡ್ಸು," ಅಂದೆ. ಹೇಳಿದ ಕಾರಣ ನಿಜವೇ. ಹೇಳದ ಕಾರಣ, ಒಂದಲ್ಲ ಒಂದು ದಿನ ಆ ಸ್ಟೀರಿಂಗು ನನ್ನ ಕೈಗೆ ಬರಲಿ ಎಂಬ ಆಸೆ.

ಸಾರಿಗೆ ಕಚೇರಿಯಲ್ಲಿ ಹೊಸ ಪತ್ರ ಸಿಕ್ಕಿದ ದಿನ ಮೈದುನ ಅದರ ಫೋಟೋ ಮನೆಯ ಗ್ರೂಪಿಗೆ ಹಾಕಿದ. ಎರಡೂ ಜಾಗದಲ್ಲಿ ಅವನದೇ ಹೆಸರು. ಅತ್ತೆ ಆಶೀರ್ವಾದ ಮಾಡಿದರು, ನಾದಿನಿ ಹಾರದ ಚಿತ್ರ ಹಾಕಿದಳು, ನನ್ನ ಗಂಡ ಹೆಬ್ಬೆರಳು ಎತ್ತಿದರು. ಮಗ ಎಷ್ಟು ಬುದ್ಧಿವಂತಿಕೆಯಿಂದ ಪರದೇಶದಲ್ಲಿ ಎಲ್ಲ ನೋಡಿಕೊಂಡ ಎಂದು ಮಾವ ಬರೆದರು. ನಾನು ಫೋನನ್ನು ಬೋರಲು ಹಾಕಿ ಸಾರಿಗೆ ಒಗ್ಗರಣೆ ಕೊಟ್ಟೆ. ಸಾಸಿವೆ ಸೀದುಹೋಯಿತು.

ಶ್ರಾವಣದ ಒಂದು ಬೆಳಿಗ್ಗೆ ಅವಳ ಫೋನ್ ಬಂತು. "ಅಕ್ಕ, ನೀರು ಒಡೀತು. ಇವರು ಫೋನ್ ತೆಗೀತಿಲ್ಲ." ಫ್ಯಾಕ್ಟರಿಯೊಳಗೆ ಫೋನ್ ಬಿಡುವುದಿಲ್ಲ, ಲಾಕರಿನಲ್ಲಿಟ್ಟು ಹೋಗಬೇಕು. ಅವನು ಕಂಪನಿ ಬಸ್ಸಿನಲ್ಲಿ ಹೋಗಿದ್ದ, ಕೀ ಮನೆಯಲ್ಲಿತ್ತು. ನಾನು ಹೇಗೆ ಓಡಿದೆನೋ ನೆನಪಿಲ್ಲ. ಗುಂಡಿ ಒತ್ತಿದೆ, ಬಾಗಿಲು ಜಾರಿತು, ಅವಳನ್ನು ಹಿಂದೆ ಕೂರಿಸಿದೆ. ಸೀಟು ಮುಂದಕ್ಕೆ ಎಳೆದುಕೊಂಡೆ, ಕನ್ನಡಿ ಸರಿಮಾಡಿದೆ. ಏಸಿ ಗುಂಯ್ ಅಂದಿತು. ಅವಳು ನರಳುವುದು, ನಾನು "ಉಸಿರು ಬಿಡೇ, ಬಂದೇಬಿಡ್ತು" ಎನ್ನುವುದು. ನಡುವೆ ಒಂದು ಸಿಗ್ನಲ್ಲಿನಲ್ಲಿ ಅವಳು, "ಅಕ್ಕ, ಎಷ್ಟು ಚೆನ್ನಾಗಿ ಓಡಿಸ್ತೀರಾ," ಅಂದಳು. ದೀಪ ಹಸಿರಾಯಿತು, ಗಾಡಿ ಬಿಟ್ಟೆ.

ಕೊರೋನಾ ಎಂದು ಆಸ್ಪತ್ರೆಯ ಬಾಗಿಲಿನಿಂದ ಒಳಗೆ ಅವಳನ್ನು ಮಾತ್ರ ಬಿಟ್ಟರು. ಅವಳು ತಿರುಗಿ ನನ್ನ ಕೈ ಹಿಡಿದಳು. ನರ್ಸು ಬಿಡಿಸಿಕೊಂಡು ಹೋಗುವವರೆಗೂ ಬಿಡಲಿಲ್ಲ.

ಮಧ್ಯಾಹ್ನ ಪೂರ್ತಿ ಆ ಪಾರ್ಕಿಂಗಿನಲ್ಲಿ ಡ್ರೈವರ್ ಸೀಟಿನಲ್ಲಿ ಕೂತಿದ್ದೆ. ಅವಳಿಗಾಗಿ ಬೇಡಿಕೊಂಡೆ, ನಿಜವಾಗಿ ಬೇಡಿಕೊಂಡೆ. ನಡುನಡುವೆ ಸ್ಟೀರಿಂಗಿನ ಮೇಲೆ ಕೈಯಾಡಿಸಿದೆ. ಎರಡನ್ನೂ ಮಾಡಿದೆ.

ಮೈದುನ ಟ್ರೇನು ಬದಲಾಯಿಸಿ ಬೆವರುತ್ತ ಓಡಿಬಂದ. ಅವನನ್ನೂ ಒಳಗೆ ಬಿಡಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಕಾದ. ಫೋನ್ ಬಂತು. ಹೆಣ್ಣುಮಗು, ಇಬ್ಬರೂ ಕ್ಷೇಮ. ಅವನು ಮಾಸ್ಕು ತೆಗೆದು ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ. "ಅತ್ತಿಗೆ, ನೀವಿಲ್ದಿದ್ರೆ..." ಅಂದ. ಸಾಕು ಬಿಡು ಎಂದು ತಲೆ ಸವರಿದೆ.

ಕಣ್ಣೊರೆಸಿಕೊಂಡು ಅವನು ಕೆಳಗಿಳಿದು ನನ್ನ ಕಡೆಯ ಬಾಗಿಲಿಗೆ ಬಂದ. "ಬನ್ನಿ, ಮನೆಗೆ ಬಿಡ್ತೀನಿ," ಎಂದು ಕೈ ಚಾಚಿದ. ಕೀ ಕೊಟ್ಟೆ. ಇಳಿದು ಹಿಂದಿನ ಸೀಟಿಗೆ ಹೋದೆ.

"ಅಬ್ಬಾ, ಎಷ್ಟು ಮುಂದೆ ತಂದಿದೀರಾ ಅತ್ತಿಗೆ!" ಎಂದು ನಗುತ್ತ, ಅವನು ಸೀಟನ್ನು ಒಂದೇ ಏಟಿಗೆ ನನ್ನ ಮೊಣಕಾಲಿನವರೆಗೂ ಹಿಂದಕ್ಕೆ ತಳ್ಳಿದ.